ಮನೆ ತುಂಬ ಜನ, ಆದ್ರೂ ಒಂಟಿ

"ಮನೆ ತುಂಬ ಜನ ಇದ್ದೇವೆ ಮೇಡಂ, ಇವರಿಗೆ ಎಂತ ಒಂಟಿತನ?" ಈ ಪ್ರಶ್ನೆ ನಾನು ಉಡುಪಿಯ ಕ್ಲಿನಿಕ್‌ನಲ್ಲಿ ಯಾವಾಗ್ಲೂ ಕೇಳ್ತಾ ಇರ್ತೇನೆ, ಅದರಲ್ಲೂ ಗಲ್ಫ್ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದವರ ಮನೆಯವರಿಂದ. ಅವರ ಪ್ರಕಾರ ಅಲ್ಲಿ ಹೆಂಡತಿ ಮಕ್ಕಳಿಲ್ಲದೆ ಇದ್ದಾಗ ಒಂಟಿ, ಈಗ ಎಲ್ಲ ಜೊತೆಗೆ ಇರುವಾಗ ಒಂಟಿ ಅಲ್ಲ. ಆದ್ರೆ ಒಬ್ಬ ಮನುಷ್ಯನ ಸುತ್ತ ಎಷ್ಟು ಜನ ಇದ್ದಾರೆ ಅನ್ನೋದೂ ಅವನಿಗೆ ಒಳಗೆ ಎಂತ ಅನ್ನಿಸ್ತಾ ಉಂಟು ಅನ್ನೋದೂ ಎರಡು ಬೇರೆ ಲೆಕ್ಕ, ಇದನ್ನು ಕಲಸಿಬಿಟ್ರೆ ಮನೆಯವರು ಪ್ರೀತಿಯಿಂದಲೇ ತಪ್ಪು ಔಷಧಿ ಕೊಡ್ತಾರೆ.

ಒಂದು ಕೇಸ್ ಹೇಳ್ತೇನೆ, ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದ್ದೇನೆ. ಕಟಪಾಡಿ ಕಡೆಯವರು, ವಯಸ್ಸು 58, ಸೌದಿಯಲ್ಲಿ ಒಂದು ಕಂಪೆನಿಯ ಸ್ಟೋರ್‌ನಲ್ಲಿ 26 ವರ್ಷ ಕೆಲಸ. ಅಲ್ಲಿ ಒಂದೇ ರೂಮಲ್ಲಿ ಐದು ಜನ, ಅಡುಗೆ ಪಾಳಿ ಪ್ರಕಾರ, ಎರಡು ವರ್ಷಕ್ಕೊಮ್ಮೆ ಊರಿಗೆ ಬಂದ್ರೆ ಎರಡು ತಿಂಗಳು ರಜೆ. ಈಗ ಮನೆಯಲ್ಲಿ ಹೆಂಡತಿ, ತಾಯಿ, ಮಗ, ಸೊಸೆ, ಒಂದು ಮೊಮ್ಮಗು. ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಹೇಳಿದ್ದು, "ಇಡೀ ದಿನ ತೋಟದಲ್ಲಿ ಒಬ್ಬರೇ ಇರ್ತಾರೆ, ಇಲ್ಲದಿದ್ರೆ ಹೊಳೆ ಬದಿಯಲ್ಲಿ ಗಾಳ ಹಾಕಿ ಕೂತಿರ್ತಾರೆ, ಡಿಪ್ರೆಶನ್ ಅಂತ ಹೆದರಿ ನಾವು ಈಗ ಆದಷ್ಟು ಅವರನ್ನು ಒಬ್ಬರನ್ನೇ ಬಿಡುದಿಲ್ಲ." ಅಂದ್ರೆ ತೋಟಕ್ಕೆ ಹೋದ್ರೆ ಹಿಂದೆಯೇ ಮೊಮ್ಮಗುವನ್ನು ಕಳಿಸುದು, ಇದ್ದಬದ್ದ ಮದುವೆ, ಗೃಹಪ್ರವೇಶಕ್ಕೆಲ್ಲ ಕರ್ಕೊಂಡು ಹೋಗುದು. ಅವರು ಇನ್ನೂ ಮಂಕಾದರು.

ನಾನು ಮೊದಲು ಕೇಳುದು ಮೂರೇ ಪ್ರಶ್ನೆ, ಒಂಟಿತನ ಅಳೆಯಲಿಕ್ಕೆ 2004ರಿಂದ ಬಳಕೆಯಲ್ಲಿರುವಂಥದ್ದು. ನನಗೆ ಜೊತೆ ಇಲ್ಲ ಅಂತ ಎಷ್ಟು ಸಲ ಅನ್ನಿಸ್ತದೆ? ನನ್ನನ್ನು ಹೊರಗೆ ಬಿಟ್ಟಿದ್ದಾರೆ ಅಂತ ಎಷ್ಟು ಸಲ? ಬೇರೆಯವರಿಂದ ದೂರ ಆಗಿದ್ದೇನೆ ಅಂತ ಎಷ್ಟು ಸಲ? ಅಪರೂಪಕ್ಕೆ ಅಂದ್ರೆ 1, ಕೆಲವೊಮ್ಮೆ ಅಂದ್ರೆ 2, ಆಗಾಗ ಅಂದ್ರೆ 3. ಒಟ್ಟು 3ರಿಂದ 9, ಸಾಮಾನ್ಯವಾಗಿ 6 ಅಥವಾ ಜಾಸ್ತಿ ಬಂದ್ರೆ ಒಂಟಿತನ ಉಂಟು ಅಂತ ತೆಗೆದುಕೊಳ್ತೇವೆ. ಗಮನಿಸಿ, ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಗಂಟೆ ಒಬ್ಬರೇ ಇರ್ತೀರಿ ಅಂತ ಇದರಲ್ಲಿ ಎಲ್ಲೂ ಕೇಳಿಲ್ಲ. ಇವರಿಗೆ ಬಂದದ್ದು 8.

ಆಮೇಲೆ ಒಂದು ವಾರ ಬರೆಯಲಿಕ್ಕೆ ಒಂದು ನೋಟ್‌ಬುಕ್ ಕೊಟ್ಟೆ. ದಿನಕ್ಕೆ ನಾಲ್ಕು ಹೊತ್ತು, ಪ್ರತಿ ಹೊತ್ತಿಗೂ ಮೂರೇ ವಿಷಯ: ಯಾರ ಜೊತೆ ಇದ್ದೆ, ಅದು ನಾನೇ ಬೇಕಂತ ಮಾಡಿದ್ದಾ ಅಥವಾ ಹಾಗೆ ಆಗಿಹೋದದ್ದಾ, ಮತ್ತೆ ಮನಸ್ಸು ಹೇಗಿತ್ತು, ಹತ್ತರಲ್ಲಿ ಎಷ್ಟು. ಸ್ಟೋರ್ ಲೆಜರ್ ಬರೆದ ಕೈ, ಒಂದು ಸಾಲೂ ತಪ್ಪಿಸಿರ್ಲಿಲ್ಲ. ಬೆಳಿಗ್ಗೆ ಬಸಳೆ ಚಪ್ಪರದ ಹತ್ರ ಒಬ್ಬರೇ, ಮನಸ್ಸಿಗೆ 7. ಹೊಳೆ ಬದಿ ಒಬ್ಬರೇ, 8. ಒಂದು ರಾತ್ರಿ ಯಕ್ಷಗಾನ ಮೇಳದ ಆಟಕ್ಕೆ ಒಬ್ಬರೇ ಹೋಗಿ ಬೆಳಗಿನವರೆಗೆ ಕೂತಿದ್ರು, ಅದಕ್ಕೆ 9. ರಾತ್ರಿ ಊಟಕ್ಕೆ ಮನೆಯವರೆಲ್ಲ ಒಟ್ಟಿಗೆ ಕೂತಾಗ 3. ಮದುವೆ ಹಾಲ್‌ನಲ್ಲಿ 2. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಸಿಟೌಟ್‌ನಲ್ಲಿ ಒಬ್ಬರೇ, ಅದೂ 3.

ಈ ಕೊನೆಯದ್ದು ನನಗೆ ತುಂಬಾ ಮುಖ್ಯ ಅನ್ನಿಸ್ತದೆ, ಯಾಕಂದ್ರೆ ಒಬ್ಬರೇ ಇರುದು ಯಾವಾಗ್ಲೂ ಒಳ್ಳೇದು ಅಂತಲೂ ಅಲ್ಲ. ಹೊಳೆ ಬದಿಯಲ್ಲೂ ಒಬ್ಬರೇ, ಸಿಟೌಟ್‌ನಲ್ಲೂ ಒಬ್ಬರೇ, ಆದ್ರೆ ಹೊಳೆಗೆ ಅವರೇ ಎದ್ದು ಹೋದದ್ದು, ಸಿಟೌಟ್‌ನಲ್ಲಿ ಬೇರೆ ದಾರಿ ಇಲ್ಲದೆ ಉಳಿದದ್ದು. ಏಕಾಂತ ಅಂತ ನಾವು ಹೇಳುದು ಆ ಮೊದಲನೇದಕ್ಕೆ. ಬೇಕಂತ ಒಬ್ಬರೇ ಕೂತಾಗ ಸಿಟ್ಟು, ಗಡಿಬಿಡಿ, ಉದ್ವೇಗ ಎಲ್ಲ ಇಳೀತದೆ, ಕಾಲು ಗಂಟೆಯಲ್ಲೇ ಅದು ಕಾಣ್ತದೆ ಅಂತ ಅಧ್ಯಯನಗಳಲ್ಲೂ ಸಿಕ್ಕಿದೆ. ಮನೆಯವರು ಈ ಮನುಷ್ಯನಿಂದ ಕಿತ್ತುಕೊಂಡದ್ದು ಅದನ್ನೇ, ಬದಲಿಗೆ ಕೊಟ್ಟದ್ದು ಮದುವೆ ಹಾಲ್.

ಹಾಗಾದ್ರೆ ಒಂಟಿತನ ಎಲ್ಲಿಂದ? 1973ರಲ್ಲಿ ರಾಬರ್ಟ್ ವೈಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂಟಿತನವನ್ನು ಎರಡಾಗಿ ಬಿಡಿಸಿದ್ರು. ತುಂಬಾ ಹತ್ತಿರದ ಒಬ್ಬರು ಇಲ್ಲದ ಒಂಟಿತನ ಒಂದು, ನಮ್ಮದೇ ಅನ್ನಿಸುವ ಒಂದು ಗುಂಪು ಇಲ್ಲದ ಒಂಟಿತನ ಇನ್ನೊಂದು, ಒಂದರ ಕೊರತೆ ಇನ್ನೊಂದರಿಂದ ಅಷ್ಟು ಸುಲಭದಲ್ಲಿ ತುಂಬುದಿಲ್ಲ. ಹೆಂಡತಿ ತೀರಿಕೊಂಡವರನ್ನು ಹಿರಿಯ ನಾಗರಿಕರ ಕ್ಲಬ್‌ಗೆ ಸೇರಿಸಿದ ಕೂಡ್ಲೇ ಸರಿಹೋಗುದಿಲ್ಲ ಅಲ್ವಾ, ಅದು ಇದಕ್ಕೇ. ಇವರಲ್ಲಿ ಎರಡೂ ಇತ್ತು. ರೂಮಿನ ಆ ನಾಲ್ಕು ಜನರಿಗೆ ಇವರ ಬಿಪಿ ಮಾತ್ರೆಯ ಟೈಮ್ ಗೊತ್ತಿತ್ತು, ಯಾವ ಸೂಪರ್‌ವೈಸರ್ ಜೊತೆ ಜಗಳ ಅಂತ ಗೊತ್ತಿತ್ತು, ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಹೆಂಡತಿ ಜೊತೆ 26 ವರ್ಷ ಮಾತಾಡಿದ್ದು ಫೋನಲ್ಲಿ, ಹೆಚ್ಚಿನದ್ದು ದುಡ್ಡು, ಫೀಸು, ಮನೆ ಕಟ್ಟುವ ಲೆಕ್ಕ.

ಇನ್ನೊಂದು ಉಂಟು. ಒಂಟಿತನ ತಿಂಗಳುಗಟ್ಟಲೆ ಉಳಿದ್ರೆ ಮನಸ್ಸು ಬೇರೆಯವರ ಮುಖದಲ್ಲಿ, ಮೌನದಲ್ಲಿ ಎಲ್ಲ ತಿರಸ್ಕಾರವನ್ನೇ ಹುಡುಕ್ಲಿಕ್ಕೆ ಶುರು ಮಾಡ್ತದೆ, ಆಗ ಮನುಷ್ಯ ತಾನೇ ಹಿಂದೆ ಸರೀತಾನೆ, ಒಂಟಿತನ ಇನ್ನೂ ಗಟ್ಟಿ ಆಗ್ತದೆ. ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದ 2011ರ ಒಂದು ವಿಶ್ಲೇಷಣೆಯಲ್ಲಿ ಜನರ ಜೊತೆ ಸೇರಿಸುದಕ್ಕಿಂತ, ಮಾತಾಡ್ಲಿಕ್ಕೆ ಕಲಿಸುದಕ್ಕಿಂತ, ಈ ತಪ್ಪು ಅರ್ಥ ಮಾಡಿಕೊಳ್ಳುದನ್ನು ತಿದ್ದಿದಾಗಲೇ ಹೆಚ್ಚು ಪ್ರಯೋಜನ ಕಂಡಿತ್ತು. ಇವರು ಹೇಳಿದ್ದು, "ನಾನು ಒಳಗೆ ಹೋದ್ರೆ ಎಲ್ಲರೂ ಮಾತು ನಿಲ್ಲಿಸ್ತಾರೆ." ಅದು ನಿಜವೇ, ನಿಲ್ಲಿಸ್ತಿದ್ರು. ಯಾಕೆ ಅಂತ ನೀವೇ ಕೇಳಿ ಅಂದೆ, ಹೆಂಡತಿಯನ್ನು ಎದುರು ಕೂರಿಸಿ. ಹೆಂಡತಿಗೇ ಆಶ್ಚರ್ಯ, "ನೀವು ರಜೆಯಲ್ಲಿ ಬಂದಾಗೆಲ್ಲ ನಾವು ಹಾಗೇ ಅಲ್ವಾ ಮಾಡ್ತಿದ್ದದ್ದು, ಇರುದೇ ಎರಡು ತಿಂಗಳು, ನಿಮ್ಮ ಮಾತು ಕೇಳ್ಲಿಕ್ಕೆ." ರಜೆಗೆ ಬಂದವರಿಗೆ ಕೊಡುವ ಮರ್ಯಾದೆ ಹಾಗೇ ಉಳಿದುಬಿಟ್ಟಿತ್ತು, ಅದು ಇವರಿಗೆ ಹೊರಗಿಟ್ಟ ಹಾಗೆ ಕಂಡಿತ್ತು.

ನಾವು ಮಾಡಿದ್ದು ಸ್ವಲ್ಪವೇ. ತೋಟ, ಹೊಳೆ ವಾಪಸ್ ಅವರಿಗೇ, ಹಿಂದೆ ಯಾರೂ ಹೋಗುದು ಬೇಡ. ಊರಿಗೆ ವಾಪಸಾದ ಇಬ್ಬರು ಹಳೇ ರೂಮ್‌ಮೇಟ್‌ಗಳು ಮೂಲ್ಕಿ, ಕುಂದಾಪುರ ಕಡೆ ಇದ್ರು, ವಾರಕ್ಕೊಂದು ದಿನ, ಒಂದೇ ಟೈಮ್, ಅವರ ಜೊತೆ ಕೂರುದು. ಮಧ್ಯಾಹ್ನದ ಸಿಟೌಟ್ ಹೊತ್ತಿಗೆ ಹೆಂಡತಿ ಜೊತೆ ಚಾ, ಆ ಅರ್ಧ ಗಂಟೆ ದುಡ್ಡಿನ ಮಾತು ಎತ್ತುವ ಹಾಗಿಲ್ಲ. ಮೊದಲ ವಾರ ಇಬ್ಬರಿಗೂ ಎಂತ ಮಾತಾಡುದು ಅಂತಲೇ ಗೊತ್ತಾಗ್ಲಿಲ್ಲ, ಬಿಡದೆ ಕೂತ್ಕೊಂಡ್ರು. ಊಟದ ಹೊತ್ತಿಗೆ ಮನೆಯವರು ತಮ್ಮ ಮಾತು ನಿಲ್ಲಿಸುದು ಬೇಡ. ನಾಲ್ಕು ತಿಂಗಳ ನಂತರ ಒಂಟಿತನದ ಅಂಕ 8 ಇದ್ದದ್ದು 5 ಆಗಿತ್ತು, ಮದುವೆ ಹಾಲ್ ಮಾತ್ರ ಈಗಲೂ ಕಷ್ಟವೇ.

ಇದೆಲ್ಲ ಡಿಪ್ರೆಶನ್ ಅಲ್ಲ ಅಂತ ನಾನು ಹೇಳಿದ್ದು ಹೊಳೆ ಬದಿಯ ಆ 8 ನೋಡಿ, ಅದರ ಜೊತೆ ನಿದ್ದೆ, ಹಸಿವು ಎಲ್ಲ ವಿಚಾರಿಸಿದ ಮೇಲೆ. ಡಿಪ್ರೆಶನ್‌ನಲ್ಲಿ ಸಾಮಾನ್ಯವಾಗಿ ಮುಂಚೆ ಖುಷಿ ಕೊಡ್ತಿದ್ದದ್ದೂ ಸಪ್ಪೆ ಆಗ್ತದೆ, ಗಾಳವೂ ಬೇಡ, ಆಟವೂ ಬೇಡ, ಒಬ್ಬರೇ ಇದ್ರೂ ಜನರ ಮಧ್ಯೆ ಇದ್ರೂ ಒಂದೇ ಭಾರ. ಎರಡು ವಾರ ಹೀಗೇ ಇದ್ದು ನಿದ್ದೆ, ಊಟವೂ ಕೆಟ್ರೆ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡು ಹೋಗಿ. ಸಾಯುವ ಮಾತು ಬಂದ್ರೆ ಎರಡು ವಾರ ಕಾಯುದು ಬೇಡ, ಆ ದಿನವೇ ಹೋಗಿ, ಅವರನ್ನು ಒಬ್ಬರನ್ನೇ ಬಿಡ್ಬೇಡಿ. ಫೋನಲ್ಲಿ ಮಾತಾಡ್ಬೇಕಾದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡ್ಬಹುದು, ಕನ್ನಡದಲ್ಲೇ ಮಾತಾಡ್ತಾರೆ.