ಸೆಂಟರ್ ಪಿನ್ ಪುಸ್ತಕ: 18 ಪುಟ 20 ಆಗುವಾಗ ಖಾಲಿ ಪುಟ ಎಲ್ಲಿ ಹಾಕಬೇಕು?

ಡಿಟಿಪಿ ಕಲಿಯುತ್ತಿರುವವರಿಗೆ ಬರೆದ ಟಿಪ್ಪಣಿ ಇದು. ನಾನೂ ಇನ್ನೂ ಕಲಿಯುತ್ತಿರುವವನೇ.

ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘಕ್ಕೆ ರಾಜ್ಯೋತ್ಸವದ ಸಂಚಿಕೆ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಎ5 ಅಳತೆ, ನಡುವೆ ಪಿನ್ ಹೊಡೆದ ಪುಸ್ತಕ, ಕವರ್ ಸೇರಿ 18 ಪುಟ. ಫೈಲ್ ಹಿಡಿದುಕೊಂಡು ಸುಲ್ತಾನ್‌ಪೇಟೆಯ ಒಂದು ಪ್ರೆಸ್‌ಗೆ ಹೋದೆ. "18 ಬರಲ್ಲ ಸಾರ್, 16 ಮಾಡಿ, ಇಲ್ಲಾಂದ್ರೆ 20 ಮಾಡಿ" ಅಂದರು. ಸರಿ, ಎರಡು ಖಾಲಿ ಪುಟ ಸೇರಿಸಿಬಿಡಿ ಅಂದೆ. "ಎಲ್ಲಿ ಸೇರಿಸ್ಲಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕರ ಲೆಕ್ಕ ಯಾಕೆ ಅನ್ನೋದು ಸುಲಭ. ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ಎ5 ಅಳತೆಯ ನಾಲ್ಕು ಪುಟ ಆಗುತ್ತೆ. ಪಿನ್ ಬೀಳೋದು ಆ ಮಡಿಕೆಯ ಮೇಲೆ. ಅರ್ಧ ಹಾಳೆ ಹಾಕಿದರೆ ಅದಕ್ಕೆ ಮಡಿಕೆಯೇ ಇಲ್ಲ, ಪಿನ್ ಹಿಡಿಯೋದು ಯಾವುದನ್ನ? ಬೆನ್ನಿಗೆ ಗಮ್ ಹಾಕುವ ಬೈಂಡಿಂಗ್ ಆದರೆ ಬಿಡಿ ಹಾಳೆಯೂ ನಿಲ್ಲುತ್ತೆ. ಇಲ್ಲಿ ನಿಲ್ಲಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಡಮ್ಮಿ ಮಾಡಿ. ಐದು ಖಾಲಿ ಹಾಳೆ ತಗೊಂಡು ಮಡಚಿ, ಒಂದರೊಳಗೆ ಒಂದು ಸೇರಿಸಿ, ಪುಸ್ತಕ ಓದುವ ಹಾಗೆ ತಿರುವುತ್ತಾ 1ರಿಂದ 20ರ ತನಕ ಪೆನ್ಸಿಲ್‌ನಲ್ಲಿ ನಂಬರ್ ಬರೆಯಿರಿ. ಆಮೇಲೆ ಹಾಳೆಗಳನ್ನು ಬಿಡಿಸಿ ನೋಡಿ. ಹೊರಗಿನ ಹಾಳೆಯಿಂದ ಶುರು ಮಾಡಿದರೆ ಹೀಗೆ ಬರುತ್ತೆ. ಗೆರೆಯ ಎಡಕ್ಕಿರೋದು ಹಾಳೆಯ ಹೊರಮುಖ, ಬಲಕ್ಕಿರೋದು ಒಳಮುಖ:

```
20  1 |  2 19
18  3 |  4 17
16  5 |  6 15
14  7 |  8 13
12  9 | 10 11
```

ಜೊತೆಯಾಗಿರುವ ಯಾವ ಎರಡು ನಂಬರ್ ಕೂಡಿದರೂ 21, ಅಂದರೆ ಒಟ್ಟು ಪುಟಕ್ಕಿಂತ ಒಂದು ಜಾಸ್ತಿ. ಬೆಸ ಸಂಖ್ಯೆ ಯಾವಾಗಲೂ ಬಲಕ್ಕೆ. ಪ್ರೆಸ್‌ನವರು ಪ್ರೂಫ್ ತೋರಿಸಿದಾಗ ಈ ಎರಡನ್ನು ನೋಡಿಕೊಂಡರೆ ತಪ್ಪು ಅಲ್ಲೇ ಸಿಗುತ್ತೆ. (ಉರ್ದು ಪುಸ್ತಕಕ್ಕೆ ಬೈಂಡಿಂಗ್ ಬಲಗಡೆ, ಹಾಗಾಗಿ ಅಲ್ಲಿ ಬೆಸ ಸಂಖ್ಯೆ ಎಡಕ್ಕೆ ಬರುತ್ತೆ.)

ಈಗ ಆ ಎರಡು ಪುಟದ ವಿಷಯಕ್ಕೆ ಬರೋಣ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಮನೆಗೆ ಬಂದು ಅಕ್ರೊಬ್ಯಾಟ್‌ನ `Booklet` ಪ್ರಿಂಟ್‌ಗೆ 18 ಪುಟದ ಫೈಲ್ ಕೊಟ್ಟೆ. ಅದು ಸುಮ್ನೆ ಕೊನೆಯಲ್ಲಿ ಎರಡು ಖಾಲಿ ಪುಟ ಸೇರಿಸಿಕೊಂಡು ಪ್ರಿಂಟ್ ಹೊಡೆಯಿತು, ಯಾವ ತಕರಾರೂ ಇಲ್ಲ. ಮಡಚಿ ನೋಡಿದರೆ ಪುಸ್ತಕದ ಹಿಂಬದಿ ಪೂರ್ತಿ ಬಿಳಿ! ಜಾಹೀರಾತು ಕೊಟ್ಟವರು ದುಡ್ಡು ಕೊಟ್ಟಿದ್ದು ಹಿಂದಿನ ಕವರ್‌ಗೆ. ಅದು 18ನೇ ಪುಟವಾಗಿ ಒಳಗೆ, ಎಡಗಡೆ, ಒಂದು ಖಾಲಿ ಪುಟದ ಎದುರು ಕೂತಿತ್ತು. ಸಾಫ್ಟ್‌ವೇರ್‌ಗೆ ನಿಮ್ಮ ಕೊನೆಯ ಪುಟ ಹಿಂದಿನ ಕವರ್ ಅಂತ ಹೇಗೆ ಗೊತ್ತಾಗಬೇಕು? ನಾಲ್ಕರ ಲೆಕ್ಕ ತುಂಬೋದಷ್ಟೇ ಅದರ ಕೆಲಸ.

ಎರಡನೇ ಸಲ ಸ್ವಲ್ಪ ಬುದ್ಧಿ ಓಡಿಸಿದೆ. ಮುಂದಿನ ಕವರ್‌ನ ಒಳಬದಿ ಖಾಲಿ ಇರಲಿ, ಹಿಂದಿನ ಕವರ್‌ನ ಒಳಬದಿಯೂ ಖಾಲಿ ಇರಲಿ ಅಂತ 2ಕ್ಕೆ ಒಂದು, 19ಕ್ಕೆ ಒಂದು ಹಾಕಿದೆ. ಜಾಹೀರಾತು 20ಕ್ಕೆ ಬಂತು, ಸರಿಯಾಯಿತು. ಆದರೆ ನಡುವಿನ ಪುಟಗಳೆಲ್ಲಾ ಒಂದೊಂದು ಮನೆ ಮುಂದಕ್ಕೆ ಹೋಗಿ, ಎಡಗಡೆ ಇದ್ದದ್ದು ಬಲಕ್ಕೆ, ಬಲಗಡೆ ಇದ್ದದ್ದು ಹಾಳೆಯ ಹಿಂದಕ್ಕೆ ಹೋಯಿತು. 4 ಮತ್ತು 5ರಲ್ಲಿ ಎದುರುಬದುರು ಇದ್ದ ಪದ್ಯ ಮತ್ತು ಅದರ ಚಿತ್ರ ಈಗ 5 ಮತ್ತು 6. ಪದ್ಯ ಓದಿ, ಪುಟ ತಿರುವಿ ಚಿತ್ರ ನೋಡಬೇಕು. ಎಡಬಲ ಕೆಡಬಾರದು ಅಂದರೆ ಎರಡು ಪುಟವನ್ನೂ ಒಂದೇ ಜಾಗದಲ್ಲಿ ಜೋಡಿಯಾಗಿ ಸೇರಿಸಬೇಕು.

ಯಾವ ಜಾಗ? ಇಲ್ಲಿ ನಮ್ಮ ಗುಂಪು ಫೋಟೋ ತೀರ್ಮಾನ ಮಾಡಿತು. ಅದನ್ನು 8 ಮತ್ತು 9ರ ಮೇಲೆ ಅಡ್ಡಲಾಗಿ ಹರಡಿದ್ದೆ, ಅದೇ ಪುಸ್ತಕದ ನಡು ಅಂದುಕೊಂಡಿದ್ದೆ. 16 ಪುಟಕ್ಕೆ ಅದು ಹೌದು. 20 ಪುಟಕ್ಕೆ ನಡು 10 ಮತ್ತು 11. ಮೇಲಿನ ಪಟ್ಟಿ ಮತ್ತೆ ನೋಡಿ: 8 ಇರೋದು 13ರ ಜೊತೆ ನಾಲ್ಕನೇ ಹಾಳೆಯಲ್ಲಿ, 9 ಇರೋದು 12ರ ಜೊತೆ ಐದನೇ ಹಾಳೆಯಲ್ಲಿ. ಓದುವಾಗ ಎದುರುಬದುರು ಕಂಡರೂ ಪ್ರಿಂಟ್ ಆಗೋದು ಬೇರೆ ಬೇರೆ ಹಾಳೆ ಮೇಲೆ. ಮಡಿಕೆ ಒಂದು ಮಿಲಿಮೀಟರ್ ಆಚೀಚೆ ಆದರೂ ನಡುವೆ ನಿಂತಿದ್ದ ಅಂಕಲ್ ಮುಖ ಎರಡು ಹೋಳು. ಬಣ್ಣವೂ ಒಂಚೂರು ಬೇರೆಯಾಗಬಹುದು. ಇಡೀ ಪುಸ್ತಕದಲ್ಲಿ ಎದುರುಬದುರು ಪುಟಗಳು ನಿಜವಾಗಿ ಒಂದೇ ಹಾಳೆಯ ಒಂದೇ ಮುಖದಲ್ಲಿರೋದು ನಡುವಿನ ಒಂದು ಜೋಡಿ ಮಾತ್ರ (ಕವರ್ ಪೂರ್ತಿ ಬಿಚ್ಚಿ ಹಿಡಿದಾಗ ಕಾಣುವ 20 ಮತ್ತು 1 ಬಿಟ್ಟರೆ).

ಹಾಗಾಗಿ ಎರಡು ಪುಟವನ್ನೂ ಮುಂಭಾಗದಲ್ಲೇ, 2 ಮತ್ತು 3 ಆಗುವ ಹಾಗೆ ಸೇರಿಸಿದೆ. ಹಳೆಯ 4 ಮತ್ತು 5 ಈಗ 6 ಮತ್ತು 7, ಎದುರುಬದುರಾಗಿಯೇ ಉಳಿದವು. ಫೋಟೋ 10 ಮತ್ತು 11ಕ್ಕೆ ಹೋಗಿ ಸರಿಯಾಗಿ ಪಿನ್ ಇರುವ ಜಾಗಕ್ಕೆ ಬಂತು. ಜಾಹೀರಾತು 20. ಖಾಲಿ ಬಿಡೋ ಬದಲು 2ಕ್ಕೆ ಪರಿವಿಡಿ, 3ಕ್ಕೆ ಅಧ್ಯಕ್ಷರ ಮಾತು ಹಾಕಿದೆ. ಪರಿವಿಡಿಯ ಪುಟಸಂಖ್ಯೆ ಎಲ್ಲಾ ಎರಡೆರಡು ಹೆಚ್ಚಿಸಬೇಕು ಅನ್ನೋದು ಮರೆತುಹೋಗಿ ರಾತ್ರಿ ಹನ್ನೊಂದಕ್ಕೆ ನೆನಪಾಯಿತು, ಅದು ಬೇರೆ ಕಥೆ.

ಕವರ್‌ಗೆ ದಪ್ಪ ಕಾಗದ ಹಾಕಿಸೋದಾದರೆ ಪ್ರೆಸ್‌ನವರು "20 ಅಂದ್ರೆ ಕವರ್ ಸೇರಿಯಾ, ಬಿಟ್ಟಾ?" ಅಂತ ಕೇಳುತ್ತಾರೆ. ಕವರ್ ಒಂದು ಹಾಳೆ, ನಾಲ್ಕು ಪುಟ, ಬೇರೆಯೇ ಪ್ರಿಂಟ್ ಆಗುತ್ತೆ. ಉಳಿದ ಒಳಪುಟಗಳೂ ನಾಲ್ಕರ ಲೆಕ್ಕಕ್ಕೆ ಬರಬೇಕು. ನಮ್ಮದು 16 ಮತ್ತು 4, ತೊಂದರೆಯಾಗಲಿಲ್ಲ.

ಮನೆಯಲ್ಲಿ ಪರೀಕ್ಷೆಗೆ ಪ್ರಿಂಟ್ ಹೊಡೆಯುವಾಗ ಎರಡೂ ಬದಿಯ ಸೆಟ್ಟಿಂಗ್‌ನಲ್ಲಿ `Flip on short edge` ಆರಿಸಿ. `Flip on long edge` ಇಟ್ಟರೆ ಪ್ರತಿ ಹಾಳೆಯ ಹಿಂಬದಿ ತಲೆಕೆಳಗಾಗುತ್ತೆ. ಅದು ಪುಟಕ್ರಮದ ತಪ್ಪಲ್ಲ, ಪ್ರಿಂಟರ್ ಹಾಳೆ ಮಗುಚುವ ರೀತಿಯದ್ದು. ನಾನು ಅದು ಗೊತ್ತಿಲ್ಲದೆ ಪುಟಗಳನ್ನು ಅದಲುಬದಲು ಮಾಡುತ್ತಾ ಒಂದು ಗಂಟೆ ಕಳೆದೆ.

ಪ್ರೆಸ್‌ಗೆ ಕೊಡುವ ಫೈಲ್‌ನಲ್ಲಿ ಮಾತ್ರ ಈ ಜೋಡಣೆ ಬೇಡ. 1, 2, 3 ಅಂತ ಒಂದೊಂದೇ ಪುಟವಾಗಿ, ಓದುವ ಕ್ರಮದಲ್ಲೇ ಪಿಡಿಎಫ್ ಕೊಡಿ. ಅವರು ದೊಡ್ಡ ಹಾಳೆಯಲ್ಲಿ ಹೊಡೆಯೋದು, ಜೋಡಣೆ ಅವರ ಮೆಷಿನ್‌ಗೆ ತಕ್ಕ ಹಾಗೆ ಅವರೇ ಮಾಡಿಕೊಳ್ಳುತ್ತಾರೆ. ನೀವೂ ಜೋಡಿಸಿ ಕೊಟ್ಟರೆ ಅದರ ಮೇಲೆ ಅವರು ಇನ್ನೊಮ್ಮೆ ಜೋಡಿಸಿ ಎಲ್ಲಾ ಕಲಸುಮೇಲೋಗರ. ನಾನು ಪಿಡಿಎಫ್ ಜೊತೆ ಆ ಪೆನ್ಸಿಲ್ ಡಮ್ಮಿಯನ್ನೂ ಕೊಟ್ಟೆ. ಅವರು ಅದನ್ನು ತಿರುವಿ ನೋಡಿ, ನಡುವಿನ ಹಾಳೆ ಮೇಲೆ "ಫೋಟೋ" ಅಂತ ಬರೆದು ಫೈಲ್ ಪಕ್ಕ ಇಟ್ಟುಕೊಂಡರು.