ಅರಿವಿ ಚೀಲ ತಂದರೂ ಪ್ಲಾಸ್ಟಿಕ್ ಅಂತ ಯಾಕೆ ಬರೆದುಕೊಂಡಿರಿ?

ಪ್ರಶ್ನೆ: “ಸರ್ರೀ, ನಿಮ್ಮ ಪ್ಲಾಸ್ಟಿಕ್ ಬಿಟ್ಟಿರೋ ವಾರದಾಗ ನಮ್ಮ ಹುಡುಗಿ ಅಂಗಡಿಯಿಂದ ಅರಿವಿ ಚೀಲದಾಗನ ಸಾಮಾನು ತಂದಾಳ. ನೀವು ಅದನ್ನ ಪ್ಲಾಸ್ಟಿಕ್ ಲೆಕ್ಕಕ್ಕ ಹಾಕೀರಿ. ಯಾಕ್ರೀ?”

ನಮ್ಮ ಶಾಲೆಯ ಇಕೋ ಕ್ಲಬ್ ನೋಡಿಕೊಳ್ಳುವವನು ನಾನು. ಒಂದು ವಾರ ಪ್ಲಾಸ್ಟಿಕ್ ಬಿಟ್ಟಿರುವುದು, ಮನೆಗೆ ಬಂದ ಪ್ಲಾಸ್ಟಿಕ್ ಎಣಿಸುವುದು ನಾವು ಮಕ್ಕಳಿಗೆ ಕೊಡುವ ಕೆಲಸ. ಈ ಪ್ರಶ್ನೆಗೆ ಶಾಲೆಯ ಗೇಟಿನಲ್ಲಿ ಉತ್ತರ ಹೇಳಿದ್ದೇನೆ. ಪಾಲಕರ ಸಭೆಯಲ್ಲಿ ಹೇಳಿದ್ದೇನೆ. ಬಾಗಲಕೋಟೆ ಬಸ್ಸಿನಲ್ಲಿ ನಿಂತುಕೊಂಡೂ ಹೇಳಿದ್ದೇನೆ. ಮತ್ತೆ ಮತ್ತೆ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಪೂರ್ತಿಯಾಗಿ ಬರೆದೇ ಬಿಡುತ್ತೇನೆ.

ಚಿಕ್ಕ ಉತ್ತರ ಇಷ್ಟೇ. ಅದು ಅರಿವಿ ಅಲ್ಲ.

ನಮ್ಮದು ಗುಳೇದಗುಡ್ಡ. ಖಣ ನೇಯುವ ಊರು. ನನ್ನ ತರಗತಿಯ ಎಷ್ಟೋ ಮಕ್ಕಳು ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವರು. ಹಾಸು ಯಾವುದು, ಹೊಕ್ಕು ಯಾವುದು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ಒಂದರೊಳಗೊಂದು ಹೋದರೆ ಅರಿವಿ. ಈಗ ಅಂಗಡಿಯವರು ಕೊಟ್ಟ ಆ ಕೆಂಪು ಚೀಲವನ್ನೋ ಹಸಿರು ಚೀಲವನ್ನೋ ಬೆಳಕಿಗೆ ಹಿಡಿದು ನೋಡಿ. ಹಾಸು ಎಲ್ಲಿದೆ? ಹೊಕ್ಕು ಎಲ್ಲಿದೆ? ಅಂಚಿನಿಂದ ಒಂದು ಎಳೆ ಬಿಚ್ಚಿ ಕೊಡಿ ನೋಡೋಣ. ಬರುವುದಿಲ್ಲ. ಹರಿದರೆ ಹತ್ತಿಯಂತೆ ಜುಂಗು ಕಿತ್ತು ಬರುತ್ತದೆ, ನೂಲು ಬರುವುದಿಲ್ಲ. ಮೈತುಂಬ ಸಾಲಾಗಿ ಚಿಕ್ಕ ಚಿಕ್ಕ ಚುಕ್ಕಿ ಒತ್ತಿದ ಗುರುತು ಕಾಣುತ್ತದೆ. ಎಷ್ಟೋ ಚೀಲಗಳಿಗೆ ಪಕ್ಕದಲ್ಲಿ ಹೊಲಿಗೆಯೂ ಇರುವುದಿಲ್ಲ. ಬರೀ ಅಂಟಿಸಿದ ಗೆರೆ ಇರುತ್ತದೆ.

ಆ ಚುಕ್ಕಿಗಳೇ ಅದರ ಗುಟ್ಟು. ಈ ಚೀಲ ಹುಟ್ಟುವುದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಕಾಳುಗಳಿಂದ. ಕಾಳನ್ನು ಕಾಯಿಸಿ ಕರಗಿಸುತ್ತಾರೆ. ಶ್ಯಾವಿಗೆ ಒತ್ತಿದ ಹಾಗೆ ಸಣ್ಣ ತೂತುಗಳಿಂದ ಒತ್ತುತ್ತಾರೆ. ಕೂದಲಿಗಿಂತ ತೆಳ್ಳಗಿನ ಎಳೆಗಳು ಓಡುವ ಪಟ್ಟಿಯ ಮೇಲೆ ಹೇಗೆ ಬೇಕೋ ಹಾಗೆ ಬೀಳುತ್ತವೆ. ಆ ಪದರವನ್ನು ಬಿಸಿ ಉರುಳೆಗಳ ನಡುವೆ ದಾಟಿಸುತ್ತಾರೆ. ಉರುಳೆಯ ಮೇಲಿನ ಉಬ್ಬು ತಾಗಿದ ಕಡೆಯೆಲ್ಲ ಎಳೆಗಳು ಕರಗಿ ಒಂದಕ್ಕೊಂದು ಅಂಟುತ್ತವೆ. ನೂತದ್ದೂ ಇಲ್ಲ, ನೇಯ್ದದ್ದೂ ಇಲ್ಲ. ಅದಕ್ಕೇ ಅದರ ಹೆಸರು ನಾನ್ ವೋವನ್. ಎಷ್ಟೋ ಯೂರಿಯಾ ಚೀಲಗಳೂ ಇದೇ ಪಾಲಿಪ್ರೊಪಿಲೀನಿನವು.

“ಚೀಲದ ಮೇಲೆ ಪರಿಸರ ಸ್ನೇಹಿ ಅಂತ ಬರೆದಿದ್ದಾರಲ್ಲ?” ಅನ್ನುತ್ತಾರೆ. ಬರೆದಿರಬಹುದು. ಕಾನೂನು ಏನು ಹೇಳುತ್ತದೆ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ತ್ಯಾಜ್ಯದ ನಿಯಮಗಳನ್ನು ತಿದ್ದಿತು. ನಾನ್ ವೋವನ್ ಪ್ಲಾಸ್ಟಿಕ್ ಕೈಚೀಲ ಚದರ ಮೀಟರಿಗೆ 60 ಗ್ರಾಂಗಿಂತ ತೆಳ್ಳಗಿರಬಾರದು ಅನ್ನುವ ಮಾತು ಆ ನಿಯಮದಲ್ಲಿದೆ. ನಿಯಮವೇ ಅದನ್ನು ಪ್ಲಾಸ್ಟಿಕ್ ಅನ್ನುವಾಗ ನಾನು ಬೇರೆ ಏನು ಅನ್ನಲಿ?

ಇಷ್ಟಾದರೂ ನಂಬದವರಿಗೆ ನೀರಿನ ಪರೀಕ್ಷೆ ಇದೆ. ನಮ್ಮ ವಾರದಲ್ಲಿ ಮಂಗಳವಾರದ ಕೆಲಸವೇ ಅದು. ಚೀಲದ ಹೊಲಿಗೆ ಇಲ್ಲದ ಕಡೆಯಿಂದ ಎರಡು ಬೆರಳು ಅಗಲದ ತುಂಡು ಕತ್ತರಿಸಿ. ಜೊತೆಗೆ ಒಗೆದು ಹಳೆಯದಾದ ಹತ್ತಿ ಬಟ್ಟೆಯ ಅಷ್ಟೇ ದೊಡ್ಡ ತುಂಡು ಇರಲಿ. ಅಗಲ ಪಾತ್ರೆಯಲ್ಲಿ ನೀರು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು. ಎರಡನ್ನೂ ನೀರಿನೊಳಗೇ ಚೆನ್ನಾಗಿ ಹಿಂಡಿ. ಒಳಗಿನ ಗಾಳಿ ಪೂರ್ತಿ ಹೋಗಬೇಕು. ಆಮೇಲೆ ತಳದಲ್ಲಿ ಬಿಡಿ. ಹತ್ತಿ ಅಲ್ಲೇ ಕೂರುತ್ತದೆ. ಆ ಇನ್ನೊಂದು ಮೇಲಕ್ಕೆದ್ದು ಬರುತ್ತದೆ. ಮತ್ತೆ ಒತ್ತಿದರೆ ಮತ್ತೆ ಏಳುತ್ತದೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಹತ್ತಿಯ ನಾರು ನೀರಿಗಿಂತ ಭಾರ. ಕಾರಣ ಅಷ್ಟೇ.

ಇಲ್ಲಿ ಮಕ್ಕಳು ಎರಡು ಕಡೆ ತಪ್ಪುತ್ತಾರೆ. ಒಂದು, ಹೊಸ ಹತ್ತಿ ಬಟ್ಟೆ ತರುತ್ತಾರೆ. ಹೊಸ ಬಟ್ಟೆಗೆ ಗಂಜಿ, ಮೇಣ ಇರುತ್ತದೆ. ಅದು ಬೇಗ ನೆನೆಯದೆ ತೇಲಿ ಗೊಂದಲ ಮಾಡುತ್ತದೆ. ಇನ್ನೊಂದು, ಮುಳುಗಿದ್ದೆಲ್ಲ ಹತ್ತಿ ಅಂದುಕೊಳ್ಳುತ್ತಾರೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ. ಹಿಂಡಿದ ಮೇಲೂ ತೇಲಿದರೆ ಪ್ಲಾಸ್ಟಿಕ್ ಅಂತ ಬರೆಯಿರಿ. ಮುಳುಗಿದರೆ ಇನ್ನೂ ಗೊತ್ತಾಗಿಲ್ಲ ಅಂತ ಬರೆಯಿರಿ. ಮುಳುಗಿದ್ದರ ಒಂದೇ ಒಂದು ಎಳೆಯನ್ನು ಮೇಷ್ಟ್ರು ಮಾತ್ರ ಚಿಮುಟದಲ್ಲಿ ಹಿಡಿದು ಸುಟ್ಟು ತೋರಿಸಬೇಕು. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಗಟ್ಟಿ ಮಣಿಯಂತೆ ಉಳಿಯುತ್ತದೆ. ಒಂದು ವರ್ಷ ನೇಕಾರರ ಮನೆಯ ಹುಡುಗನೊಬ್ಬ ಇದನ್ನು ನೋಡಿ, “ಸರ್, ನಮ್ಮಜ್ಜ ರೇಷ್ಮೆ ನೂಲು ನೋಡೋದೂ ಹಿಂಗ” ಅಂದ. ಆ ದಿನ ಪಾಠ ಮಾಡಿದವನು ಅವನೇ. ನನಗೆ ಅದಕ್ಕಿಂತ ಹೆಚ್ಚಿನ ಖುಷಿ ಏನಿದೆ?

ಈ ಚೀಲದ ಬಗ್ಗೆ ಇಷ್ಟು ಹಟ ಯಾಕೆ ಅಂದರೆ, ನಮ್ಮ ಬಿಸಿಲು. ಇದನ್ನು ಹೊರಗೆ ಗೂಟಕ್ಕೆ ತೂಗುಹಾಕಿ ಬೇಸಿಗೆ ಕಳೆಯಲಿ. ಮುಟ್ಟಿದರೆ ಪುಡಿ ಉದುರುತ್ತದೆ. ಕೊಳೆತು ಮಣ್ಣಾಯಿತು ಅಂತ ಜನ ಸಮಾಧಾನ ಪಡುತ್ತಾರೆ. ಕೊಳೆತಿಲ್ಲ. ಬಿಸಿಲಿಗೆ ಎಳೆ ಮುರಿದು ಪ್ಲಾಸ್ಟಿಕ್ ಚೂರುಗಳಾಗಿದೆ. ತೆಳು ಕವರನ್ನಾದರೂ ಆರಿಸಿ ಎತ್ತಬಹುದು. ಈ ಪುಡಿಯನ್ನು ಯಾರು ಎತ್ತುತ್ತಾರೆ?

ಈಗ ಆ ಹುಡುಗಿಯ ಲೆಕ್ಕಕ್ಕೆ ಬರೋಣ. ನಮ್ಮ ವಾರ ಸೋಮವಾರ ಶುರುವಾಗಿ ಮುಂದಿನ ಸೋಮವಾರಕ್ಕೆ ಮುಗಿಯುತ್ತದೆ. ಮೊದಲ ಸೋಮವಾರದ ಕೆಲಸ ಎಣಿಕೆ. ಎದ್ದಾಗಿನಿಂದ ಮಲಗುವವರೆಗೆ ಮನೆಯೊಳಗೆ ಹೊಸದಾಗಿ ಬಂದ ಪ್ಲಾಸ್ಟಿಕ್ ಎಷ್ಟು ಅಂತ ಬರೆಯುವುದು. ಹಾಲಿನ ಪ್ಯಾಕೆಟ್ ಒಂದು, ಶಾಂಪೂ ಚೀಟಿ ಒಂದು, ತರಕಾರಿ ಕವರ್ ಒಂದು, ಹೀಗೆ. ಮೊದಮೊದಲು ನಾವು ಕಸದ ಬುಟ್ಟಿಯಲ್ಲಿ ಎಣಿಸುತ್ತಿದ್ದೆವು. ಒಂದು ಮನೆಯ ಲೆಕ್ಕ ವಾರದಲ್ಲಿ ಸೊನ್ನೆಗೆ ಬಂತು. ಚಪ್ಪಾಳೆಯನ್ನೂ ತಟ್ಟಿದೆವು. ಆಮೇಲೆ ತಿಳಿಯಿತು, ಎಲ್ಲ ಕವರೂ ಸ್ನಾನದ ನೀರು ಕಾಯಿಸುವ ಒಲೆಗೆ ಹೋಗಿತ್ತು. ಆ ಹೊಗೆಯನ್ನು ಕುಡಿದದ್ದು ಒಲೆಯ ಮುಂದೆ ಕೂತ ಅದೇ ಮಗು. ಅಂದಿನಿಂದ ಬುಟ್ಟಿಯಲ್ಲಿ ಎಣಿಸುವುದಿಲ್ಲ, ಬಾಗಿಲಲ್ಲಿ ಎಣಿಸುತ್ತೇವೆ.

ಆ ಹುಡುಗಿ ತಂದ ಚೀಲ ಅವತ್ತೇ ಅಂಗಡಿಯಿಂದ ಹೊಸದಾಗಿ ಬಂದದ್ದು. ಅದಕ್ಕೇ ಒಂದು ಅಂತ ಬರೆದೆ. ಅದೇ ಚೀಲವನ್ನು ಮುಂದಿನ ಸೋಮವಾರ ಮನೆಯಿಂದ ಒಯ್ದು ಸಾಮಾನು ತಂದರೆ ಸೊನ್ನೆ ಬರೆಯುತ್ತೇನೆ. ಮನೆಯಲ್ಲಿರುವುದನ್ನು ಎಸೆಯಬೇಡಿ, ಹರಿಯುವವರೆಗೆ ಬಳಸಿ. ಬಿಸಿಲಿಗೆ ಮಾತ್ರ ಇಡಬೇಡಿ.

ಉಳಿದ ದಿನಗಳ ಕೆಲಸ ಸುಲಭ. ಬುಧವಾರ ಬುತ್ತಿಯ ದಿನ. ರೊಟ್ಟಿ ಅರಿವಿಯಲ್ಲಿ, ಶೇಂಗಾ ಚಟ್ನಿ ಡಬ್ಬಿಯಲ್ಲಿ ಬರಬೇಕು. ಗುರುವಾರ ಗಿರ್ಮಿಟ್ ಆಗಲಿ, ಮಿರ್ಚಿ ಆಗಲಿ, ಪಾರ್ಸಲ್ ತರಲು ಮನೆಯ ಡಬ್ಬಿ ಒಯ್ಯುವುದು. ಶುಕ್ರವಾರ ಪ್ಯಾಕೆಟ್ ತಿಂಡಿ ಬಿಟ್ಟು ಚುರುಮುರಿಯನ್ನೋ ಹುರಿದ ಶೇಂಗಾವನ್ನೋ ತಿನ್ನುವುದು. ಶನಿವಾರ ಅರ್ಧ ದಿನದ ಶಾಲೆ, ಚೀಲ ಹೊಲಿಯುವುದು. ಭಾನುವಾರ ಅದೇ ಚೀಲ ಹಿಡಿದು ದೊಡ್ಡವರ ಜೊತೆ ಕಾಯಿಪಲ್ಲೆ ತರುವುದು. ನಿಮ್ಮೂರ ಸಂತೆ ಬೇರೆ ದಿನ ಇದ್ದರೆ ಈ ಕೆಲಸವನ್ನು ಆ ದಿನಕ್ಕೆ ಹಾಕಿಕೊಳ್ಳಿ. ಎಣಿಕೆಯ ದಿನ ಮಾತ್ರ ಬದಲಿಸಬೇಡಿ. ಸಂತೆಯ ದಿನ ಜಾಸ್ತಿ ಕವರ್ ಬರುತ್ತದೆ, ಬೇರೆ ದಿನ ಕಡಿಮೆ. ಸೋಮವಾರವನ್ನು ಸೋಮವಾರದ ಜೊತೆಗೇ ಹೋಲಿಸಬೇಕು.

ಫಲಿತಾಂಶ ಹಂಚಿಕೊಳ್ಳುವಾಗ ಹೆಸರು ಬರೆಯಿಸಬೇಡಿ. ಹೆಸರು ಕೇಳಿದರೆ ಮಕ್ಕಳು ನಾಚಿಕೆಗೆ ಕಡಿಮೆ ಬರೆಯುತ್ತಾರೆ. ನಮ್ಮಲ್ಲಿ ಪ್ರತಿ ಮಗು ಒಂದು ಗುರುತು ಆರಿಸಿಕೊಳ್ಳುತ್ತದೆ. ಒಬ್ಬರದು ನವಿಲು, ಒಬ್ಬರದು ತೇರು, ಒಬ್ಬರದು ಲಾಳಿ. ಎರಡೂ ಸೋಮವಾರದ ಚೀಟಿಯ ಮೇಲೆ ಅದೇ ಗುರುತು. ಚೀಟಿಗಳು ಡಬ್ಬಿಗೆ ಬೀಳುತ್ತವೆ. ತರಗತಿಯ ಲೆಕ್ಕ ವರಾಂಡದ ಚಾರ್ಟಿಗೂ ಪಾಲಕರ ವಾಟ್ಸಾಪ್ ಗುಂಪಿಗೂ ಹೋಗುತ್ತದೆ.

ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. 40 ಮಕ್ಕಳ ತರಗತಿ ಅಂತ ಇಟ್ಟುಕೊಳ್ಳಿ. ಮೊದಲ ಸೋಮವಾರ 30 ಚೀಟಿ ಬಂದವು, ಒಟ್ಟು 390. ಮನೆಗೆ 13 ಆಯಿತು. ಎರಡನೇ ಸೋಮವಾರ 20 ಚೀಟಿ, ಒಟ್ಟು 140. ಮನೆಗೆ 7. ಹದಿಮೂರರಿಂದ ಏಳಕ್ಕೆ ಇಳಿಸಿದೆವು ಅಂತ ಮಕ್ಕಳು ಕುಣಿಯುತ್ತಾರೆ. ಸ್ವಲ್ಪ ತಡೆಯಿರಿ. ಎರಡೂ ಸಲ ಚೀಟಿ ಹಾಕಿದ ಆ 20 ಗುರುತುಗಳನ್ನು ಮಾತ್ರ ಹುಡುಕಿ. ಮೊದಲ ಸೋಮವಾರ ಅವರ ಒಟ್ಟು 180 ಇತ್ತು ಅನ್ನಿ, ಅಂದರೆ ಮನೆಗೆ 9. ನಿಜವಾದ ಇಳಿಕೆ ಒಂಬತ್ತರಿಂದ ಏಳಕ್ಕೆ. ಜಾಸ್ತಿ ಪ್ಲಾಸ್ಟಿಕ್ ಬಂದಿದ್ದ ಹತ್ತು ಮನೆಯವರು ಎರಡನೇ ಸಲ ಚೀಟಿಯನ್ನೇ ಹಾಕಲಿಲ್ಲ. ಅದಕ್ಕೇ ನಮ್ಮ ಸಂದೇಶ ಹೀಗಿರುತ್ತದೆ: “8ನೇ ತರಗತಿ. ಎರಡೂ ಸಲ ಲೆಕ್ಕ ಕೊಟ್ಟ ಮನೆ 20. ಮೊದಲು 180, ಈಗ 140. ಹೆಚ್ಚು ಇಳಿದದ್ದು ತರಕಾರಿ ಕವರ್, ಇಳಿಯದೆ ಇದ್ದದ್ದು ಹಾಲಿನ ಪ್ಯಾಕೆಟ್.”

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಿಲ್ಲ, ಆದರೂ ಕೇಳಬೇಕಿತ್ತು ಅನಿಸುತ್ತದೆ. ಶನಿವಾರ ಹೊಲಿಯಲು ಮಕ್ಕಳು ಮನೆಯಿಂದ ತರುವುದು ಹೆಚ್ಚಾಗಿ ಅಮ್ಮನ ಹಳೆಯ ಪಾಲಿಯೆಸ್ಟರ್ ಸೀರೆ. ಅದರ ನೂಲೂ ಪ್ಲಾಸ್ಟಿಕ್ಕೇ ಅಲ್ವಾ? ಹೌದು. ಆದರೆ ಅದು ನೇಯ್ದ ಅರಿವಿ. ಒಗೆದರೂ ತಡೆಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ, ಮತ್ತು ಅದು ಈಗಾಗಲೇ ಮನೆಯಲ್ಲಿದೆ. ಬಾಗಿಲಿನ ಲೆಕ್ಕದಲ್ಲಿ ಅದು ಸೊನ್ನೆ. ಚೀಲಕ್ಕೆ ಅಂತ ಹೊಸ ಹತ್ತಿ ಬಟ್ಟೆ ಕೊಳ್ಳಬೇಡಿ.

ಹೊಲಿಯುವುದಕ್ಕೆ ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತುಂಡು ಸಾಕು. ಸೀರೆ ತೆಳ್ಳಗಿದ್ದರೆ ಎರಡು ಪದರ ಮಾಡಿ. ಒಂದು ಮೀಟರ್ ಉದ್ದವನ್ನು ಅರ್ಧಕ್ಕೆ ಮಡಚಿ ಎರಡೂ ಪಕ್ಕ ಹೊಲಿಯಿರಿ, ಬಾಯಿಯನ್ನು ಒಳಗೆ ಮಡಚಿ ಹೊಲಿಯಿರಿ. ಹಿಡಿಕೆಗೆ ಎರಡು ಪಟ್ಟಿ ಬೇಕು, 60 ಸೆಂಟಿಮೀಟರ್ ಉದ್ದ, 8 ಅಗಲ. ಅದನ್ನು ನಾಲ್ಕು ಪದರ ಮಡಚಿದರೆ ಗಟ್ಟಿ ಹಿಡಿಕೆ. ಚೀಲ ಹರಿಯುವುದು ಯಾವಾಗಲೂ ಹಿಡಿಕೆಯ ಬುಡದಲ್ಲೇ. ಅಲ್ಲಿ ಒಂದೇ ಗೆರೆ ಹೊಲಿದು ಬಿಡಬೇಡಿ. ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹೊಲಿಗೆ ಹಾಕಿ. ಆಮೇಲೆ ಐದು ಕಿಲೋ ಜೋಳ ತುಂಬಿ ಬಾಗಿಲ ಚಿಲಕಕ್ಕೆ ಒಂದು ರಾತ್ರಿ ತೂಗುಹಾಕಿ. ಬೆಳಗ್ಗೆ ಹೊಲಿಗೆ ಬಿಟ್ಟಿರದಿದ್ದರೆ ಆ ಚೀಲವನ್ನು ಸಂತೆಗೆ ಒಯ್ಯಬಹುದು.