ಎಕ್ಸ್‌ಪೈರಿಂಗ್ ಲಿಂಕ್: ಅವಧಿ ಮುಗಿಯುವುದು ಯಾವುದರದು?

ಕೊಟ್ಟ ಅವಧಿ ಮುಗಿದ ಮೇಲೆ ಕೆಲಸ ಮಾಡದ ಡೌನ್‌ಲೋಡ್ ಲಿಂಕೇ ಎಕ್ಸ್‌ಪೈರಿಂಗ್ ಲಿಂಕ್. ಅದನ್ನು ನಂಬಿ ಇ-ಬುಕ್ ಮಾರುವವರ ‘ನಮ್ಮ ರೆಸಿಪಿ ಇ-ಬುಕ್ ಪೂರ್ತಿ ಸುರಕ್ಷಿತ, 24 ಗಂಟೆ ಆದಮೇಲೆ ಓಪನ್ನೇ ಆಗಲ್ಲ’ ಎಂಬ ಮಾತು ಮತ್ತೆ ಕಣ್ಣಿಗೆ ಬಿತ್ತು. ಆಗುತ್ತದೆ. ಒಮ್ಮೆ ಫೋನಿಗೆ ಇಳಿದ ಪಿಡಿಎಫ್ ಎಷ್ಟು ವರ್ಷ ಬಿಟ್ಟರೂ ತೆರೆಯುತ್ತದೆ, ವಾಟ್ಸಾಪ್‌ನಲ್ಲಿ ಹತ್ತು ಜನರಿಗೂ ಹೋಗುತ್ತದೆ. ಮುಗಿಯುವುದು ಫೈಲಿನ ಆಯಸ್ಸಲ್ಲ, ಅದನ್ನು ಸರ್ವರಿನಿಂದ ಇಳಿಸಿಕೊಳ್ಳಲು ಕೊಟ್ಟ ಅನುಮತಿ. ಆ ಅನುಮತಿ ಲಿಂಕಿನಲ್ಲೇ ಬರೆದಿರುತ್ತದೆ. ಫೈಲುಗಳನ್ನು ಇಡುವ ಕ್ಲೌಡ್ ಸೇವೆಯಾದ ಅಮೆಜಾನ್ ಎಸ್3ಯ ಲಿಂಕಿನ ಬಾಲ ನೋಡಿ:

```
uppinakayi.pdf?X-Amz-Date=20250110T043000Z
&X-Amz-Expires=300&X-Amz-Signature=9f2c...
```

ಸಮಯ ಯುಟಿಸಿಯಲ್ಲಿದೆ, ನಮ್ಮ ಲೆಕ್ಕಕ್ಕೆ ಬೆಳಿಗ್ಗೆ 10 ಗಂಟೆ. 300 ಸೆಕೆಂಡ್ ಎಂದರೆ 10:05ಕ್ಕೆ ಬಾಗಿಲು ಬಂದ್. ಜಾಣರೊಬ್ಬರು 300 ಅಳಿಸಿ 3000 ಎಂದು ತಿದ್ದಿದರೆ ಕೊನೆಯ ಸಹಿ ತಾಳೆಯಾಗದೆ, ಪ್ರವೇಶವಿಲ್ಲ ಎನ್ನುವ 403 ದೋಷ ಬರುತ್ತದೆ. ಆದರೆ ಆ ಐದು ನಿಮಿಷದೊಳಗೆ ಲಿಂಕ್ ಯಾರ ಕೈಯಲ್ಲಿದ್ದರೂ ನಡೆಯುತ್ತದೆ. ಕೊಂಡವರು ಯಾರೆಂದು ಅದು ಕೇಳುವುದಿಲ್ಲ.

ಇದಕ್ಕಿಂತ ದುಬಾರಿಯಾದ ಗೊಂದಲ ಇನ್ನೊಂದಿದೆ: ಲಿಂಕಿನ ಅವಧಿಯನ್ನೇ ಗ್ರಾಹಕರ ಹಕ್ಕಿನ ಅವಧಿ ಎಂದುಕೊಳ್ಳುವುದು. 199 ರೂಪಾಯಿಯ ಉಪ್ಪಿನಕಾಯಿ ಪುಸ್ತಕ. ಹಣ ಬಂದ ಕೂಡಲೇ 24 ಗಂಟೆಯ ಲಿಂಕ್ ಇಮೇಲಿಗೆ ಹೋಯಿತು. ಕೊಂಡವರು ಮೇಲ್ ತೆರೆದದ್ದು ಮೂರನೇ ದಿನ. ಕಂಡದ್ದು `AccessDenied`, `Request has expired`. ‘ದುಡ್ಡು ವಾಪಸ್ ಕೊಡಿ’ ಎಂದು ಅವರು ಕೇಳಿದರೆ ತಪ್ಪೇನು? ಅಂಗಡಿಯವರು ಅವಧಿಯನ್ನು 30 ದಿನಕ್ಕೆ ಏರಿಸಲು ಹೋದರೆ ಎಸ್3 ಒಪ್ಪುವುದಿಲ್ಲ. ಗರಿಷ್ಠ 604800 ಸೆಕೆಂಡ್, ಅಂದರೆ 7 ದಿನ. ತಾತ್ಕಾಲಿಕ ಕೀಲಿಯಿಂದ ಸಹಿ ಮಾಡಿದ್ದರೆ ಅಷ್ಟೂ ಇಲ್ಲ, ಆ ಕೀಲಿ ಮುಗಿದಾಗ ಲಿಂಕೂ ಮುಗಿಯಿತು.

ಸರಿಯಾದ ದಾರಿ ಅವಧಿ ಹಿಗ್ಗಿಸುವುದಲ್ಲ. ಇಮೇಲಿನಲ್ಲಿ ಫೈಲಿನ ಲಿಂಕನ್ನೇ ಹಾಕಬೇಡಿ, ಆರ್ಡರ್ ಪುಟದ ಲಿಂಕ್ ಹಾಕಿ. ಅಲ್ಲಿ ಲಾಗಿನ್ ಆಗಿ ‘ಡೌನ್‌ಲೋಡ್’ ಒತ್ತಿದಾಗ ಸರ್ವರ್ ಮೊದಲು ಹಣ ಬಂದಿದೆಯೇ ಎಂದು ನೋಡಲಿ, ಆಮೇಲೆ ಆ ಕ್ಷಣಕ್ಕೆ ಐದು ನಿಮಿಷದ ಹೊಸ ಲಿಂಕ್ ಹುಟ್ಟಿಸಲಿ. ಹಕ್ಕು ವರ್ಷಗಟ್ಟಲೆ, ಲಿಂಕ್ ನಿಮಿಷಗಟ್ಟಲೆ. ಎಷ್ಟು ಸಲ ಇಳಿಸಬಹುದೆಂಬ ಮಿತಿಯನ್ನೂ ಈ ಬಟನ್ನಿಗೇ ಕಟ್ಟಿ. ‘ಒಂದೇ ಸಲ’ ಎಂಬ ಲಿಂಕನ್ನು ನೇರವಾಗಿ ಮೇಲ್‌ನಲ್ಲಿ ಕಳಿಸಿದರೆ, ವೈರಸ್ ಹುಡುಕುವ ಮೇಲ್ ಸ್ಕ್ಯಾನರ್ ಮೊದಲೇ ಅದನ್ನು ಮುಟ್ಟಿ ಆ ಒಂದು ಸಲವನ್ನು ಮುಗಿಸಿರಬಹುದು. ಗೂಗಲ್ ಡ್ರೈವ್‌ನ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬುದನ್ನಂತೂ ಎಕ್ಸ್‌ಪೈರಿಂಗ್ ಲಿಂಕ್ ಎಂದು ಕರೆಯಲೇಬೇಡಿ, ನೀವಾಗಿ ಮುಚ್ಚುವ ತನಕ ಅದು ತೆರೆದೇ ಇರುತ್ತದೆ.

ಇನ್ನು, ನಿಧಾನದ ನೆಟ್‌ವರ್ಕಿನಲ್ಲಿ ದೊಡ್ಡ ಟೆಂಪ್ಲೇಟ್ ಜಿಪ್ ಇಳಿಯಲು ಐದು ನಿಮಿಷ ಸಾಕೇ ಎಂಬ ಅನುಮಾನ. ಸಾಕು. ಎಸ್3 ಗಡಿಯಾರ ನೋಡುವುದು ವಿನಂತಿ ಬಂದಾಗ ಮಾತ್ರ. 10:04ಕ್ಕೆ ಶುರುವಾದ ಡೌನ್‌ಲೋಡ್ 10:20ರವರೆಗೂ ಸಾಗುತ್ತದೆ. ನಡುವೆ ಕನೆಕ್ಷನ್ ಕಡಿದು, 10:05 ದಾಟಿದ ಮೇಲೆ ‘ರೆಸ್ಯೂಮ್’ ಒತ್ತಿದರೆ ಅದು ಹೊಸ ವಿನಂತಿ, 403 ಖಚಿತ. ಆಗ ಆರ್ಡರ್ ಪುಟಕ್ಕೆ ಹೋಗಿ ಮತ್ತೆ ಬಟನ್ ಒತ್ತಬೇಕು.